ಪಾಯಿಂಟ್ ಎಣಿಸುವ ಮೊದಲು ತಾರೀಖು ಗೊತ್ತುಮಾಡಿ

ಚಾಲನಾ ಲೈಸೆನ್ಸಿಗೆ ದಂಡದ ಪಾಯಿಂಟ್ ಪದ್ಧತಿಯ ನಿಯಮ ಬರೆಯುವ, ಅದನ್ನು ನಡೆಸುವ ಸಾರಿಗೆ ಅಧಿಕಾರಿಗಳಿಗೆ,

ಮಾನ್ಯರೇ,

ದಂಡದ ಹಣ ಒಂದನ್ನೇ ನಂಬಿದರೆ ಕೈಯಲ್ಲಿ ದುಡ್ಡಿರುವವನಿಗೆ ಅದು ಬಿಸಿ ಮುಟ್ಟಿಸುವುದಿಲ್ಲ. ಇವತ್ತು ಕಟ್ಟುತ್ತಾನೆ, ನಾಳೆ ಅದೇ ಸಿಗ್ನಲ್ ಹಾರಿಸುತ್ತಾನೆ. ಪ್ರತಿ ತಪ್ಪಿಗೂ ಲೈಸೆನ್ಸಿನ ಮೇಲೆ ಇಷ್ಟು ಪಾಯಿಂಟ್ ಎಂದು ಏರಿಸಿ, ಒಂದು ಮಿತಿ ದಾಟಿದಾಗ ಲೈಸೆನ್ಸನ್ನೇ ಅಮಾನತು ಮಾಡುವ ಪದ್ಧತಿ ಇದಕ್ಕಿಂತ ನ್ಯಾಯವಾದದ್ದು. ಶ್ರೀಮಂತನಿಗೂ ಬಡವನಿಗೂ ಇರುವುದು ಒಂದೇ ಲೈಸೆನ್ಸ್. ಆದ್ದರಿಂದ ನಾನು ಈ ಪತ್ರ ಬರೆಯುತ್ತಿರುವುದು ಪಾಯಿಂಟ್ ಪದ್ಧತಿ ಬೇಡ ಎಂದು ಹೇಳಲು ಅಲ್ಲ. ಅಮಾನತು ಆದೇಶ ಹಿಡಿದು ಬರುವ ಚಾಲಕರಿಗೆ ಅದರ ಒಕ್ಕಣೆ ಓದಿ ಅರ್ಥ ಹೇಳುತ್ತ ಬಂದವನು ನಾನು. ಯಾವ ತಪ್ಪಿಗೆ ಎಷ್ಟು ಪಾಯಿಂಟ್ ಎಂಬ ಪಟ್ಟಿಯ ಬಗ್ಗೆ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಎಷ್ಟೋ ಚರ್ಚೆ ನಡೆಯುತ್ತದೆ. ಆದರೆ ನನ್ನ ಎದುರು ಕುಳಿತವರ ಕಷ್ಟ ಆ ಪಟ್ಟಿಯಿಂದ ಹುಟ್ಟಿದ್ದು ಅಪರೂಪ. ಯಾವ ತಾರೀಖಿನಿಂದ ಎಣಿಸಿದರು, ಯಾವಾಗ ತಿಳಿಸಿದರು, ಅಮಾನತು ಮುಗಿದ ಮೇಲೆ ಏನಾಯಿತು, ಇವುಗಳಿಂದಲೇ ಅದು ಹುಟ್ಟುತ್ತದೆ.

ಮೊದಲು ತಾರೀಖಿನ ಮಾತು. ಬ್ರಿಟನ್ನಿನ ಪದ್ಧತಿಯನ್ನು ತೆಗೆದುಕೊಳ್ಳುತ್ತೇನೆ, ಅದು ಹಳೆಯದು, ಲೆಕ್ಕವೂ ಸ್ಪಷ್ಟ. ಅಲ್ಲಿ ಮೂರು ವರ್ಷದೊಳಗೆ 12 ಪಾಯಿಂಟ್ ಸೇರಿದರೆ ನ್ಯಾಯಾಲಯ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಚಾಲನೆಯಿಂದ ಅನರ್ಹಗೊಳಿಸುತ್ತದೆ. ಒಬ್ಬ ಚಾಲಕನನ್ನು ಊಹಿಸಿಕೊಳ್ಳಿ. 2021ರ ಮಾರ್ಚ್ 10ರಂದು ಅತಿವೇಗಕ್ಕೆ 3 ಪಾಯಿಂಟ್. 2022ರ ಜೂನ್ 5ರಂದು ಮೊಬೈಲ್ ಕೈಯಲ್ಲಿ ಹಿಡಿದು ಗಾಡಿ ಓಡಿಸಿದ್ದಕ್ಕೆ 6. 2024ರ ಫೆಬ್ರವರಿ 20ರಂದು ಮತ್ತೆ ಅತಿವೇಗ, 3 ಪಾಯಿಂಟ್. ಕೂಡಿದರೆ 12. ಆದರೆ ಇವೆಲ್ಲ ಮೂರು ವರ್ಷದೊಳಗಿನವೇ?

ತಪ್ಪು ನಡೆದ ದಿನದಿಂದ ತಪ್ಪು ನಡೆದ ದಿನಕ್ಕೆ ಎಣಿಸಿದರೆ ಹೌದು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಮೂರು ವರ್ಷ ತುಂಬಲು ಇನ್ನೂ ಎರಡು ವಾರಕ್ಕಿಂತ ಹೆಚ್ಚು ಉಳಿದಿದೆ. ಬ್ರಿಟನ್ನಿನ ಕಾನೂನು ಎಣಿಸುವುದು ಹೀಗೆಯೇ, ಹಾಗಾಗಿ ಈ ಚಾಲಕ ಸಿಕ್ಕಿಬೀಳುತ್ತಾನೆ. ಈಗ ನಿಯಮವನ್ನು ಸ್ವಲ್ಪ ಬದಲಿಸಿ, ತೀರ್ಪು ಬಂದ ದಿನ ಅಥವಾ ದಂಡ ಕಟ್ಟಿದ ದಿನವನ್ನು ಹಿಡಿಯಿರಿ. ಮೊದಲ ದಂಡವನ್ನು ಅವನು 2021ರ ಏಪ್ರಿಲ್‌ನಲ್ಲೇ ಕಟ್ಟಿದ್ದಾನೆ. ಕೊನೆಯ ಪ್ರಕರಣಕ್ಕೆ ವಾಯಿದೆಯ ಮೇಲೆ ವಾಯಿದೆ ಕೇಳಿ 2024ರ ಸೆಪ್ಟೆಂಬರ್‌ವರೆಗೆ ಎಳೆದಿದ್ದಾನೆ. ಮೊದಲ 3 ಪಾಯಿಂಟ್ ಲೆಕ್ಕದಿಂದ ಉದುರಿಹೋಯಿತು, ಒಟ್ಟು 9, ಲೈಸೆನ್ಸ್ ಉಳಿಯಿತು. ವಕೀಲರನ್ನಿಟ್ಟು ಕೇಸು ಎಳೆಯಬಲ್ಲವನಿಗೆ ಮಾತ್ರ ಸಿಗುವ ಲಾಭ ಇದು. ದಂಡದ ಹಣದ ವಿಷಯದಲ್ಲಿ ಯಾವ ಅನ್ಯಾಯವಿದೆ ಎಂದು ನಾವು ಪಾಯಿಂಟ್ ಪದ್ಧತಿಗೆ ಬಂದೆವೋ ಅದೇ ಅನ್ಯಾಯ ಹಿಂಬಾಗಿಲಿನಿಂದ ಒಳಗೆ ಬಂತು.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ, ಅದು ಇನ್ನೂ ನೋವಿನದು. ಇನ್ನೊಬ್ಬನ ಮೊದಲ ತಪ್ಪು 2020ರ ಜನವರಿಯದು. ಕಚೇರಿಯ ಕಡತ ನಿಧಾನವಾಗಿ ಚಲಿಸಿ ತೀರ್ಮಾನವಾದದ್ದು 2021ರ ನವೆಂಬರಿನಲ್ಲಿ. ಕೊನೆಯ ತಪ್ಪು 2023ರ ಮಾರ್ಚ್‌ನದು, ಅದು ಬೇಗ ತೀರ್ಮಾನವಾಯಿತು. ತಪ್ಪಿನ ದಿನ ಹಿಡಿದರೆ ನಡುವೆ ಮೂರು ವರ್ಷ ಕಳೆದಿದೆ, ಹಳೆಯದು ಸೇರುವುದಿಲ್ಲ. ತೀರ್ಮಾನದ ದಿನ ಹಿಡಿದರೆ ಒಂದೂವರೆ ವರ್ಷವೂ ಆಗಿಲ್ಲ, ಸೇರಿಯೇ ಸೇರುತ್ತದೆ. ಮೂರು ವರ್ಷ ತನ್ನನ್ನು ತಿದ್ದಿಕೊಂಡು ಓಡಿಸಿದವನು ಕಚೇರಿಯ ವಿಳಂಬಕ್ಕೆ ತನ್ನ ಲೈಸೆನ್ಸ್ ತೆತ್ತ ಹಾಗಾಯಿತು.

ತಪ್ಪಿನ ದಿನವನ್ನೇ ಹಿಡಿಯಬೇಕು ಎಂದಾದರೆ ದಾಖಲೆಯನ್ನು ಸ್ವಲ್ಪ ಹೆಚ್ಚು ಕಾಲ ಇಟ್ಟುಕೊಳ್ಳಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಇಂಥ ಸಾಮಾನ್ಯ ತಪ್ಪಿನ ಪಾಯಿಂಟ್ ಲೆಕ್ಕಕ್ಕೆ ಬರುವುದು ಮೂರು ವರ್ಷ, ದಾಖಲೆಯಲ್ಲಿ ಉಳಿಯುವುದು ನಾಲ್ಕು ವರ್ಷ. ಮೇಲಿನ ಮೊದಲ ಚಾಲಕನ ಪ್ರಕರಣದಲ್ಲೇ ನೋಡಿ, ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ಕಡತ ತೆರೆದಾಗ 2021ರ ಮಾರ್ಚ್‌ನ ಪಾಯಿಂಟ್ ಅಳಿಸಿಹೋಗಿದ್ದರೆ ಫೆಬ್ರವರಿಯ ಲೆಕ್ಕ ಹಾಕುವುದು ಹೇಗೆ? ಆ ಹೆಚ್ಚಿನ ವರ್ಷ ಇದಕ್ಕೆ ಒದಗುತ್ತದೆ. ಜರ್ಮನಿಯಲ್ಲೂ ಅವಧಿ ಮುಗಿದ ಪಾಯಿಂಟನ್ನು ಇದೇ ಕಾರಣಕ್ಕೆ ಇನ್ನೊಂದು ವರ್ಷ ಕಡತದಲ್ಲಿ ಇಟ್ಟುಕೊಳ್ಳುತ್ತಾರೆ. ನಿಮ್ಮ ಕರಡಿನಲ್ಲಿ ಎಣಿಕೆಯ ಅವಧಿಯೂ ದಾಖಲೆಯ ಅವಧಿಯೂ ಒಂದೇ ಆಗಿದ್ದರೆ, ಆ ಎರಡನ್ನು ಬೇರೆ ಮಾಡದೆ ಮುಂದೆ ಹೋಗಬೇಡಿ.

ಅವಧಿಯನ್ನೇ ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭಾರತದ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಉದಾಹರಣೆ ಇದೆ. 2019ರ ತಿದ್ದುಪಡಿ ಅದರ 19ನೇ ಕಲಮಿಗೆ (1ಎ) ಎಂಬ ಉಪಕಲಮನ್ನು ಸೇರಿಸಿತು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದಿರುವುದು, ಇಂಥ ಕೆಲವು ತಪ್ಪುಗಳಲ್ಲಿ 206ನೇ ಕಲಮಿನ ಪ್ರಕಾರ ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಪ್ರಾಧಿಕಾರ ಚಾಲಕನ ಅಹವಾಲು ಕೇಳಿ, ಕಾರಣಗಳನ್ನು ಬರಹದಲ್ಲಿ ದಾಖಲಿಸಿ, ಮೊದಲ ತಪ್ಪಿಗೆ ಮೂರು ತಿಂಗಳು ಅನರ್ಹಗೊಳಿಸಬಹುದು. ಎರಡನೆಯ ಅಥವಾ ಆಮೇಲಿನ ತಪ್ಪಿಗೆ ಲೈಸೆನ್ಸ್ ರದ್ದು. ಎರಡನೆಯದು ಎಂದರೆ ಎಷ್ಟು ಸಮಯದೊಳಗಿನ ಎರಡನೆಯದು? ಆ ಉಪಕಲಮು ಹೇಳುವುದಿಲ್ಲ. ಅಪಾಯಕಾರಿ ಚಾಲನೆಯ ಬಗ್ಗೆ ಹೇಳುವ 184ನೇ ಕಲಮು ಇದೇ ಕಾಯ್ದೆಯಲ್ಲಿದೆ, ಅದು ಹಿಂದಿನ ಅಂಥದೇ ತಪ್ಪು ನಡೆದ ಮೂರು ವರ್ಷದೊಳಗೆ ಎಂದು ಸ್ಪಷ್ಟವಾಗಿ ಬರೆದಿದೆ. ಒಂದೇ ಕಾಯ್ದೆಯ ಒಂದು ಕಡೆ ಗಡಿಯಾರವಿದೆ, ಇನ್ನೊಂದು ಕಡೆ ಇಲ್ಲ. ರದ್ದು ಮಾಡಲೇಬೇಕೆಂದೇನಿಲ್ಲ, ಅಧಿಕಾರಿಯ ವಿವೇಚನೆಗೆ ಬಿಟ್ಟಿದ್ದಾರೆ ನಿಜ. ಆದರೆ ಒಂಬತ್ತು ವರ್ಷದ ಹಿಂದಿನ ಹೆಲ್ಮೆಟ್ ಕೇಸು ಒಬ್ಬ ಅಧಿಕಾರಿಗೆ ಮೊದಲನೆಯದಾಗಿ, ಇನ್ನೊಬ್ಬರಿಗೆ ಲೆಕ್ಕಕ್ಕಿಲ್ಲದ್ದಾಗಿ ಕಾಣುವಂತೆ ಬಿಡುವುದು ವಿವೇಚನೆಯನ್ನು ಅದೃಷ್ಟದ ಕೈಗೆ ಕೊಟ್ಟಂತೆ.

ಇನ್ನು ತಿಳಿಸುವ ವಿಷಯ. ಇದನ್ನು ನಾನು ಸ್ವಲ್ಪ ಒತ್ತಿಯೇ ಹೇಳಬೇಕು. ಪಾಯಿಂಟ್ ಪದ್ಧತಿಯ ಗುಣವೆಲ್ಲ ಇರುವುದು ಮಿತಿ ಮುಟ್ಟುವ ಮೊದಲಿನ ಭಯದಲ್ಲಿ. ಇನ್ನು ಮೂರೇ ಪಾಯಿಂಟ್ ಬಾಕಿ ಎಂದು ಗೊತ್ತಿರುವವನು ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸುತ್ತಾನೆ. ಗೊತ್ತೇ ಇಲ್ಲದವನಿಗೆ ಪಾಯಿಂಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವನು ಮೊದಲಿನಂತೆಯೇ ಓಡಿಸುತ್ತಾನೆ, ಒಂದು ದಿನ ಅಮಾನತಿನ ಆದೇಶ ಮನೆಗೆ ಬರುತ್ತದೆ. ರಸ್ತೆಯ ಮೇಲೆ ಆಗಬೇಕಾಗಿದ್ದ ಉಪಕಾರ ಆಗಲೇ ಇಲ್ಲ.

ಜರ್ಮನಿಯ ಕಾನೂನು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. 2014ರಿಂದ ಅಲ್ಲಿ 8 ಪಾಯಿಂಟಿಗೆ ಲೈಸೆನ್ಸ್ ಹಿಂತೆಗೆದುಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಎರಡು ಮೆಟ್ಟಿಲುಗಳಿವೆ. 4 ಅಥವಾ 5 ಪಾಯಿಂಟ್ ಆದಾಗ ಬರಹದಲ್ಲಿ ಒಂದು ಸೂಚನೆ ಬರುತ್ತದೆ, 6 ಅಥವಾ 7 ಆದಾಗ ಕಟ್ಟುನಿಟ್ಟಿನ ಎಚ್ಚರಿಕೆ. ಈ ಮೆಟ್ಟಿಲುಗಳನ್ನು ಹತ್ತುವ ಹೊಣೆ ಇಲಾಖೆಯ ಮೇಲೂ ಇದೆ ಎಂಬುದೇ ಅದರ ಸೊಗಸು. ಒಬ್ಬನಿಗೆ 5 ಪಾಯಿಂಟ್ ಆಗಿ ಮೊದಲ ಸೂಚನೆ ಹೋಗಿದೆ ಎನ್ನಿ. ಆಮೇಲೆ ಒಂದು ಪಾಯಿಂಟಿನದೊಂದು, ಎರಡು ಪಾಯಿಂಟಿನದೊಂದು ತೀರ್ಮಾನ ಒಟ್ಟಿಗೆ ಇಲಾಖೆಯ ಕೈ ಸೇರಿದವು. ಕೂಡಿದರೆ 8. ಆದರೆ 6-7ರ ಎಚ್ಚರಿಕೆಯನ್ನು ಇಲಾಖೆ ಇನ್ನೂ ಕಳುಹಿಸಿಯೇ ಇಲ್ಲ. ಆಗ ಲೈಸೆನ್ಸ್ ಹಿಂತೆಗೆದುಕೊಳ್ಳುವಂತಿಲ್ಲ, ಪಾಯಿಂಟನ್ನು 7ಕ್ಕೆ ಇಳಿಸಿ ಎಚ್ಚರಿಕೆ ಕಳುಹಿಸಬೇಕು. ಮೊದಲ ಸೂಚನೆಯೇ ಹೋಗಿಲ್ಲದಿದ್ದರೆ 5ಕ್ಕೆ ಇಳಿಯುತ್ತದೆ. ಇದು ಮನ್ನಾ ಅಂತ ತಿಳಿಯಬೇಡಿ. ಹಾಗೆ ಇಳಿಸುವ ಮೊದಲೇ ಮಾಡಿದ ಬೇರೆ ತಪ್ಪು ಆಮೇಲೆ ಬೆಳಕಿಗೆ ಬಂದರೆ ಅದರ ಪಾಯಿಂಟ್ ಇಳಿದ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಆದರೂ ಎಚ್ಚರಿಸದೆ ಶಿಕ್ಷಿಸಿದರೆ ಲೆಕ್ಕ ಇಲಾಖೆಯ ವಿರುದ್ಧ ಹೋಗುತ್ತದೆ ಎಂಬ ಭಯ ಅಧಿಕಾರಿಗಳಿಗೂ ಇರುತ್ತದೆ. ನಿಮ್ಮ ನಿಯಮದಲ್ಲಿ ನಾನು ನೋಡಬಯಸುವ ಒಂದೇ ಒಂದು ವಾಕ್ಯ ಯಾವುದು ಎಂದು ಕೇಳಿದರೆ ಇದನ್ನೇ ತೋರಿಸುತ್ತೇನೆ.

ತಿಳಿಸುವುದು ಎಂದರೆ ಯಾರಿಗೆ, ಎಲ್ಲಿಗೆ ಎಂಬುದೂ ಮುಖ್ಯ. ಕ್ಯಾಮೆರಾ ಹಿಡಿಯುವುದು ಗಾಡಿಯ ನಂಬರನ್ನು, ಪಾಯಿಂಟ್ ಬೀಳಬೇಕಾದ್ದು ಓಡಿಸಿದವನ ಲೈಸೆನ್ಸಿಗೆ. ಗಾಡಿಯ ನೋಂದಣಿಯಲ್ಲಿರುವ ಮೊಬೈಲ್ ನಂಬರೇ ಬೇರೆ, ಲೈಸೆನ್ಸಿನ ದಾಖಲೆಯಲ್ಲಿರುವ ನಂಬರೇ ಬೇರೆ. ಗಾಡಿ ಅಪ್ಪನ ಹೆಸರಿನಲ್ಲಿ, ಓಡಿಸಿದ್ದು ಮಗಳು. ಎಸ್‌ಎಂಎಸ್ ಅಪ್ಪನಿಗೆ ಬರುತ್ತದೆ, ಅವರು ದಂಡ ಕಟ್ಟಿ ಮರೆಯುತ್ತಾರೆ. ಈಗ ಪಾಯಿಂಟ್ ಯಾರದು? ಅಪ್ಪನಿಗೆ ಹಾಕಿದರೆ ಅನ್ಯಾಯ, ಮಗಳಿಗೆ ಹಾಕಿದರೆ ಅವಳಿಗೆ ಸುದ್ದಿಯೇ ಇಲ್ಲ. ಬ್ರಿಟನ್ನಿನಲ್ಲಿ ಗಾಡಿಯ ಹೊಣೆ ಹೊತ್ತವರು ಓಡಿಸಿದ್ದು ಯಾರೆಂದು ಬರೆದು ಕೊಡಬೇಕು, ಕೊಡದಿದ್ದರೆ ಅದೇ ಒಂದು ಅಪರಾಧವಾಗಿ 6 ಪಾಯಿಂಟ್ ಅವರ ಮೇಲೆ ಬೀಳುತ್ತದೆ. ಇಂಥದೊಂದು ಮೆಟ್ಟಿಲನ್ನು ನಡುವೆ ಇಡದೆ ಕ್ಯಾಮೆರಾದ ಚಲನ್‌ಗಳನ್ನು ನೇರವಾಗಿ ಮಾಲೀಕರ ಲೈಸೆನ್ಸಿಗೆ ಜೋಡಿಸಬೇಡಿ. ದಂಡ ಕಟ್ಟುವ ಪರದೆಯಲ್ಲೇ, ಹಣ ಕಟ್ಟುವ ಗುಂಡಿಯ ಮೇಲೆ, ಈ ದಂಡ ಕಟ್ಟಿದರೆ ಇಂಥ ಲೈಸೆನ್ಸಿಗೆ ಇಷ್ಟು ಪಾಯಿಂಟ್ ಸೇರುತ್ತದೆ, ಸೇರಿದ ಮೇಲೆ ಒಟ್ಟು ಇಷ್ಟು ಎಂದು ತೋರಿಸಿ. ಕಟ್ಟುವುದೆಂದರೆ ತಪ್ಪು ಒಪ್ಪಿಕೊಂಡಂತೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಈಗ ಅಮಾನತಿನ ಆಚೆ ಬದಿಗೆ ಬರೋಣ. ಆರು ತಿಂಗಳು ಕಳೆಯಿತು, ಚಾಲಕ ವಾಪಸ್ಸು ಬಂದ. ಅವನ ಹಳೆಯ 12 ಪಾಯಿಂಟ್ ಎಲ್ಲಿದೆ? ಹಾಗೇ ಇದ್ದರೆ ಮುಂದಿನ ಒಂದೇ ತಪ್ಪಿಗೆ ಮತ್ತೆ ಅಮಾನತು, ಒಂದೇ ತಪ್ಪುಗಳಿಗೆ ಎರಡು ಸಲ ಶಿಕ್ಷೆ. ಪೂರ್ತಿ ಅಳಿಸಿ ಮರೆತುಬಿಟ್ಟರೆ ಪದೇ ಪದೇ ತಪ್ಪು ಮಾಡುವವನಿಗೂ ಒಂದೇ ಸಲ ಜಾರಿದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಬ್ರಿಟನ್ನಿನವರು ಮಾಡಿದ್ದು ಹೀಗೆ: 12 ತುಂಬಿ ಆದ ಅನರ್ಹತೆಯೊಂದಿಗೆ ಆ ಪಾಯಿಂಟ್‌ಗಳು ಲೆಕ್ಕದಿಂದ ಹೋಗುತ್ತವೆ, ಆದರೆ ಅನರ್ಹತೆ ನೆನಪಿನಲ್ಲಿ ಉಳಿಯುತ್ತದೆ. ಹಿಂದಿನ ಮೂರು ವರ್ಷದೊಳಗೆ 56 ದಿನ ಅಥವಾ ಅದಕ್ಕಿಂತ ಹೆಚ್ಚಿನ ಅನರ್ಹತೆ ಒಂದಿದ್ದರೆ ಮುಂದಿನ ಕನಿಷ್ಠ ಅವಧಿ ಒಂದು ವರ್ಷ, ಎರಡಿದ್ದರೆ ಎರಡು ವರ್ಷ. ನನಗೆ ಇದು ಒಪ್ಪಿಗೆಯಾಗುವ ದಾರಿ. ಶಿಕ್ಷೆ ಅನುಭವಿಸಿದವನಿಗೆ ಖಾಲಿ ಹಾಳೆ ಸಿಗುತ್ತದೆ, ಆದರೆ ಹಾಳೆ ಎಷ್ಟು ಸಲ ಬದಲಾಯಿತು ಎಂಬ ಲೆಕ್ಕ ಕಚೇರಿಯಲ್ಲಿರುತ್ತದೆ.

ಭಾರತದ ಕಾಯ್ದೆಯ 25ನೇ ಕಲಮಿನಲ್ಲಿ ಇನ್ನೊಂದು ಒಳ್ಳೆಯ ವಿಚಾರವಿದೆ, ಅದು ಲೈಸೆನ್ಸಿನ ಮೇಲೆ ನ್ಯಾಯಾಲಯ ಬರೆಯುವ ಹಿಂಬರಹಕ್ಕೆ ಸಂಬಂಧಿಸಿದ್ದು. ಹೊಸ ಲೈಸೆನ್ಸ್ ಪಡೆದರೂ ನಕಲು ಪ್ರತಿ ಪಡೆದರೂ ಹಳೆಯ ಹಿಂಬರಹ ಅದಕ್ಕೆ ವರ್ಗವಾಗುತ್ತದೆ. ಮತ್ತೊಂದು ಹಿಂಬರಹವಿಲ್ಲದೆ ಸತತ ಮೂರು ವರ್ಷ ಕಳೆದರೆ ಸ್ವಚ್ಛ ಲೈಸೆನ್ಸ್ ಪಡೆಯುವ ಹಕ್ಕು ಬರುತ್ತದೆ, ಬರೀ ಅತಿವೇಗದ್ದಾದರೆ ಒಂದೇ ವರ್ಷ ಸಾಕು. ಅನರ್ಹನಾಗಿ ಮನೆಯಲ್ಲಿ ಕುಳಿತ ಅವಧಿಯನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ನ್ಯಾಯ, ಏಕೆಂದರೆ ಗಾಡಿ ಓಡಿಸದೇ ಇದ್ದಾಗ ತಪ್ಪು ಮಾಡದಿರುವುದು ದೊಡ್ಡದೇನಲ್ಲ. ಕಾರ್ಡು ಕಳೆದುಹೋಯಿತೆಂದು ಅರ್ಜಿ ಹಾಕಿ, ಹೊಸ ಕಾರ್ಡಿನ ಜೊತೆ ಹೊಸ ಚರಿತ್ರೆ ಪಡೆಯುವ ಆಟಕ್ಕೂ ಇದು ತಡೆ. ಪಾಯಿಂಟ್ ಇರುವುದು ಮನುಷ್ಯನ ಮೇಲೆ, ಪ್ಲಾಸ್ಟಿಕ್ ಕಾರ್ಡಿನ ಮೇಲಲ್ಲ. ನವೀಕರಣದಲ್ಲೂ ಇದೇ ತತ್ವ ಇರಲಿ: ನವೀಕರಣ ಪಾಯಿಂಟನ್ನು ಅಳಿಸಬಾರದು.

ಆದರೆ ಅದೇ ನವೀಕರಣ ಹೊಸ ಶಿಕ್ಷೆಯೂ ಆಗಬಾರದು, ಇಲ್ಲೇ ಹೆಚ್ಚು ಜನ ಎಡವುವುದು. ಅಮಾನತು ಮತ್ತು ಅವಧಿ ಮುಗಿಯುವುದು ಎರಡೂ ಬೇರೆ ಬೇರೆ ಗಡಿಯಾರಗಳು. ಅಮಾನತಾದ ಮಾತ್ರಕ್ಕೆ ಲೈಸೆನ್ಸಿನ ಮೇಲೆ ಅಚ್ಚಾದ ಕೊನೆಯ ದಿನಾಂಕ ಮುಂದೆ ಹೋಗುವುದಿಲ್ಲ. ಒಬ್ಬನ ಮೂರು ತಿಂಗಳ ಅಮಾನತು ಏಪ್ರಿಲ್ 10ಕ್ಕೆ ಶುರುವಾಗಿ ಜುಲೈ 9ಕ್ಕೆ ಮುಗಿಯುತ್ತದೆ ಎನ್ನಿ. ಲೈಸೆನ್ಸಿನ ಅವಧಿ ಮೇ 31ಕ್ಕೆ ಮುಗಿಯಿತು. ಆದೇಶದಲ್ಲಿ ಬರೆದಿರುವುದು ಜುಲೈ 9 ಮಾತ್ರ. 10ರ ಬೆಳಿಗ್ಗೆ ಅವನು ನಿಶ್ಚಿಂತೆಯಿಂದ ಗಾಡಿ ತೆಗೆಯುತ್ತಾನೆ, ಅವಧಿ ಮೀರಿದ ಲೈಸೆನ್ಸಿನಲ್ಲಿ. ತಪಾಸಣೆಯಲ್ಲಿ ಸಿಕ್ಕಿದರೆ ಹೊಸ ಕೇಸು. ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವುದೇ ಆ ದಿನ ಊರ್ಜಿತ ಲೈಸೆನ್ಸ್ ಇತ್ತೇ ಎಂದು. ಶಿಕ್ಷೆಯನ್ನು ಕೊನೆಯ ದಿನದವರೆಗೆ ಪಾಲಿಸಿದ ಮನುಷ್ಯ ಒಂದು ಸಾಲು ಬರೆಯದೇ ಬಿಟ್ಟಿದ್ದರಿಂದ ಮತ್ತೆ ಅಪರಾಧಿಯಾದ.

ಅವನು ಮೇ ತಿಂಗಳಲ್ಲಿ ನವೀಕರಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಅನರ್ಹತೆ ಎಂದರೆ ಲೈಸೆನ್ಸ್ ಹೊಂದುವುದಕ್ಕೂ ಪಡೆಯುವುದಕ್ಕೂ ತಡೆ. ಆ ತಡೆ ಇರುವಾಗ ಕೌಂಟರಿನಲ್ಲಿ ಅರ್ಜಿ ತೆಗೆದುಕೊಳ್ಳಬೇಕೋ ಬೇಡವೋ ಎಂಬುದನ್ನು ಆದೇಶವೇ ಹೇಳದಿದ್ದರೆ ಅವನು ಏನು ಮಾಡಬೇಕು? ಭಾರತದಲ್ಲಿ ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ನವೀಕರಣ ಸಿಗುತ್ತದೆ, ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಪಾಸಾಗಬೇಕು. ಮೂರು ತಿಂಗಳ ಅಮಾನತು ಆ ವರ್ಷದೊಳಗೆ ಮುಗಿದುಹೋಗುತ್ತದೆ, ತೊಂದರೆ ಸಣ್ಣದು. ಆದರೆ ಅಮಾನತು ಒಂದು ವರ್ಷಕ್ಕಿಂತ ದೀರ್ಘವಾಗಿ, ಅವಧಿ ಅದರ ಮೊದಲ ವಾರದಲ್ಲೇ ಮುಗಿದರೆ ಅವನ ಪರೀಕ್ಷೆಯ ಭಾಗ್ಯ ತೀರ್ಮಾನವಾಗುವುದು ಹುಟ್ಟಿದ ತಾರೀಖು ಮತ್ತು ಲೈಸೆನ್ಸ್ ಪಡೆದ ತಾರೀಖಿನಿಂದ. ಅದೇ ತಪ್ಪು ಮಾಡಿ ಅಷ್ಟೇ ಅಮಾನತು ಅನುಭವಿಸಿದ, ಆದರೆ ಲೈಸೆನ್ಸಿನ ಅವಧಿ ಇನ್ನೂ ಎಂಟು ವರ್ಷ ಇರುವ ಇನ್ನೊಬ್ಬನಿಗೆ ಪರೀಕ್ಷೆಯೇ ಇಲ್ಲ. ದೀರ್ಘ ಅಮಾನತಿನ ಮೇಲೆ ಪರೀಕ್ಷೆ ಬೇಕು ಎಂದು ನಿಮಗೆ ಅನ್ನಿಸಿದರೆ ಇಬ್ಬರಿಗೂ ಇಡಿ, ಅದನ್ನು ನಿಯಮದಲ್ಲಿ ಬಾಯಿಬಿಟ್ಟು ಹೇಳಿ. ಬ್ರಿಟನ್ನಿನಲ್ಲಿ ಗೆರೆ ಎಳೆದಿರುವುದು 56 ದಿನಕ್ಕೆ. ಅದಕ್ಕಿಂತ ಕಡಿಮೆಯ ಅನರ್ಹತೆ ಮುಗಿದ ಕೂಡಲೇ ಹಳೆಯ ಲೈಸೆನ್ಸ್ ತಾನಾಗಿಯೇ ಊರ್ಜಿತ, 56 ದಿನ ಅಥವಾ ಹೆಚ್ಚಾದರೆ ಹೊಸದಕ್ಕೆ ಅರ್ಜಿ ಹಾಕಿ ಪಡೆದುಕೊಳ್ಳಬೇಕು. ಗೆರೆ ಎಲ್ಲಿ ಎಂಬುದಕ್ಕಿಂತ ಗೆರೆ ಇದೆ ಎಂಬುದು ಮುಖ್ಯ.

ಇನ್ನೊಂದು ಪದ್ಧತಿ ಸದ್ದಿಲ್ಲದೆ ಬೆಳೆಯುವುದನ್ನು ಕಂಡಿದ್ದೇನೆ, ಅದನ್ನು ತಡೆಯಿರಿ. ಅಮಾನತಿನ ಮಿತಿ ಮುಟ್ಟದ, ಆದರೆ ಕೆಲವು ಪಾಯಿಂಟೋ ಹಳೆಯ ಚಲನ್‌ಗಳೋ ಇರುವ ಚಾಲಕ ನವೀಕರಣಕ್ಕೆ ಹೋದಾಗ ತಂತ್ರಾಂಶ ಅವನ ಅರ್ಜಿಯನ್ನು ಮುಂದೆ ಬಿಡುವುದಿಲ್ಲ. ಆದೇಶವಿಲ್ಲ, ಕಾರಣವಿಲ್ಲ, ಪರದೆಯ ಮೇಲೆ ಬಾಕಿ ಎಂಬ ಒಂದು ಪದ. ಅಮಾನತಿನ ಆದೇಶವಾಗಿದ್ದರೆ ಅಹವಾಲು ಹೇಳುವ ಅವಕಾಶ, ಲಿಖಿತ ಕಾರಣ, 30 ದಿನದೊಳಗೆ ಮೇಲ್ಮನವಿ, ಇಷ್ಟಾದರೂ ಕಾಯ್ದೆಯಲ್ಲಿದೆ. ಸಿಲುಕಿಕೊಂಡ ಅರ್ಜಿಯ ವಿರುದ್ಧ ಎಲ್ಲಿಗೆ ಮೇಲ್ಮನವಿ ಹಾಕುವುದು? ಬಾಕಿ ದಂಡ ವಸೂಲಿಗೆ ನವೀಕರಣವನ್ನು ಹಿಡಿಯಲೇಬೇಕಿದ್ದರೆ ಅದಕ್ಕೂ ಲಿಖಿತ ಆದೇಶ ಕೊಡಿ. ಮಿತಿಯೊಳಗಿನ ಪಾಯಿಂಟಿಗಾಗಿ ಮಾತ್ರ ಯಾರ ನವೀಕರಣವನ್ನೂ ನಿಲ್ಲಿಸಬೇಡಿ. ಮಿತಿ ಎಂದು ಒಂದು ಸಂಖ್ಯೆಯನ್ನು ಬರೆದ ಮೇಲೆ ಅದಕ್ಕಿಂತ ಕೆಳಗಿರುವವನು ಓಡಿಸಲು ಅರ್ಹ ಎಂದೇ ಅರ್ಥ.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ಅಮಾನತಿನ ಪ್ರತಿ ಆದೇಶದಲ್ಲೂ ಲೆಕ್ಕಕ್ಕೆ ಹಿಡಿದ ತಪ್ಪುಗಳು, ಪ್ರತಿಯೊಂದೂ ನಡೆದ ದಿನಾಂಕ ಮತ್ತು ಪಾಯಿಂಟ್, ಎಚ್ಚರಿಕೆ ಕಳುಹಿಸಿದ ದಿನಾಂಕ, ಅಮಾನತು ಮುಗಿಯುವ ದಿನಾಂಕ, ಅದರ ಪಕ್ಕದಲ್ಲೇ ಲೈಸೆನ್ಸಿನ ಅವಧಿ ಮುಗಿಯುವ ದಿನಾಂಕ ಇರಲಿ. ಅಮಾನತಿನ ನಡುವೆ ಅವಧಿ ಮುಗಿಯುವುದಾದರೆ ನವೀಕರಣದ ಅರ್ಜಿಯನ್ನು ಯಾವಾಗಿನಿಂದ ತೆಗೆದುಕೊಳ್ಳುತ್ತೀರಿ, ಅಮಾನತಿನ ದಿನಗಳನ್ನು ಆ ಒಂದು ವರ್ಷದ ಗಡುವಿನಿಂದ ಕಳೆಯುತ್ತೀರೋ ಇಲ್ಲವೋ ಎಂದು ಒಂದು ಸಾಲು ಬರೆಯಿರಿ. ಕರಡು ನಿಯಮವನ್ನು ಸಾರ್ವಜನಿಕರ ಆಕ್ಷೇಪಣೆಗೆ ಇಡುವಾಗ ಮೇಲೆ ಹೇಳಿದ 2021, 2022, 2024ರ ಚಾಲಕನಂಥ ಒಂದೆರಡು ಲೆಕ್ಕಗಳನ್ನು ಬಿಡಿಸಿ ಅದರ ಜೊತೆಗೇ ಪ್ರಕಟಿಸಿ. ನಿಮ್ಮದೇ ಕಚೇರಿಯ ಇಬ್ಬರು ಗುಮಾಸ್ತರಿಗೆ ಅದನ್ನು ಬೇರೆ ಬೇರೆಯಾಗಿ ಕೊಟ್ಟು ನೋಡಿ. ಇಬ್ಬರ ಉತ್ತರ ಬೇರೆಯಾದರೆ ಕರಡನ್ನು ವಾಪಸ್ಸು ತೆಗೆದುಕೊಂಡು ಮತ್ತೆ ಬರೆಯಿರಿ.

ಇತಿ,
ಲೈಸೆನ್ಸ್ ಹೊಂದಿದ ಒಬ್ಬ ಚಾಲಕ